ಹಾಸಿಗೆ ಹಿಡಿದ ಅಮ್ಮ: ರಾತ್ರಿ 2 ಗಂಟೆಗೆ ಮಗ್ಗುಲು ಬದಲಿಸುವವರು ಯಾರು?

ಅಮ್ಮನಿಗೆ 78 ವರ್ಷ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲಿನ ಶಕ್ತಿ ಹೋಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಶಿವಮೊಗ್ಗದ ನಮ್ಮ ಮನೆಗೆ ಬಂದಳು. ಡಿಸ್ಚಾರ್ಜ್ ದಿನ ಡಾಕ್ಟರು ಮಾತ್ರೆ ಚೀಟಿ ಕೈಗಿಟ್ಟು ಕೊನೆಗೊಂದು ಮಾತು ಹೇಳಿದರು: "ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ." ನಾವೆಲ್ಲ ಹೂಂ ಅಂದೆವು. ದಿನಕ್ಕೆ ಹನ್ನೆರಡು ಸಲ, ತಿಂಗಳಿಗೆ 360 ಸಲ ಅಂತ ಆಗ ಯಾರೂ ಲೆಕ್ಕ ಹಾಕಲಿಲ್ಲ.

ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವ ವಿಷಯ ಬಂದಾಗ ಎಲ್ಲರೂ ಮೊದಲು ಕೇಳುವುದು "ನರ್ಸ್ ಇಡಬೇಕಾ, ಎಷ್ಟಾಗುತ್ತೆ" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ರಾತ್ರಿ ಎರಡು ಗಂಟೆಗೆ ಎದ್ದು ಮಗ್ಗುಲು ಬದಲಿಸುವವರು ಯಾರು? ಯಾರನ್ನು ಕೆಲಸಕ್ಕೆ ಇಡಬೇಕು, ಎಂಥ ಹಾಸಿಗೆ ತರಬೇಕು, ಅಣ್ಣ ತಂಗಿ ಎಷ್ಟೆಷ್ಟು ಕೊಡಬೇಕು ಅನ್ನುವುದೆಲ್ಲ ಈ ಉತ್ತರದ ಮೇಲೆ ನಿಂತಿದೆ. ನಮಗೆ ಇದು ಗೊತ್ತಾಗಿದ್ದು ಅಮ್ಮನ ಬೆನ್ನ ಕೆಳಗೆ ಹುಣ್ಣಾದ ಮೇಲೆ.

ಹುಣ್ಣು ಯಾಕೆ ಆಗುತ್ತದೆ, ಎಲ್ಲಿ ನೋಡಬೇಕು

ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ನಾವಾದರೆ ನಿದ್ದೆಯಲ್ಲೂ ಹೊರಳುತ್ತೇವೆ. ಮಲಗಿದಲ್ಲೇ ಇರುವವರಿಗೆ ಹೊರಳಲು ಆಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಆ ಜಾಗ ಒಳಗಿಂದ ಸಾಯಲು ಶುರುವಾಗುತ್ತದೆ. ಅದಕ್ಕೇ ಮೇಲೆ ಸಣ್ಣ ಗಾಯ ಕಂಡರೂ ಒಳಗೆ ದೊಡ್ಡದಿರಬಹುದು.

ಸೊಂಟದ ಕೆಳಗೆ ಪೃಷ್ಠದ ಸೀಳು ಶುರುವಾಗುವ ಜಾಗದ ಮೂಳೆ ಮತ್ತು ಹಿಮ್ಮಡಿ, ಇವೆರಡರಲ್ಲಿ ಹುಣ್ಣಾಗುವುದು ಜಾಸ್ತಿ. ಆಮೇಲೆ ಸೊಂಟದ ಪಕ್ಕದ ಮೂಳೆ, ಕಾಲಿನ ಗಿಣ್ಣು, ಮೊಣಕೈ, ಬೆನ್ನಿನ ರೆಕ್ಕೆ ಮೂಳೆ, ತಲೆಯ ಹಿಂಭಾಗ. ಕಿವಿಯ ಅಂಚನ್ನೂ ನೋಡಿ. ಮಗ್ಗುಲಾಗಿ ಮಲಗಿಸಿದಾಗ ಕಿವಿ ಮಡಚಿಕೊಂಡಿರುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ.

ದಿನಕ್ಕೆ ಎರಡು ಸಲ, ಒಳ್ಳೆ ಬೆಳಕಿನಲ್ಲಿ ಈ ಜಾಗಗಳನ್ನು ನೋಡಬೇಕು. ಕೆಂಪಾದ ಕಡೆ ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ ಎಂದರ್ಥ. ಒತ್ತಿದರೂ ಕೆಂಪು ಹಾಗೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ಆದರೆ ನಮ್ಮ ಕಡೆಯವರ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಅಮ್ಮನಿಗೆ ಆಗಿದ್ದು ಒಂದು ರೂಪಾಯಿ ನಾಣ್ಯದಷ್ಟು, ನೇರಳೆ ಹಣ್ಣು ಮೆತ್ತಿಕೊಂಡ ಹಾಗಿದ್ದ ಕಲೆ. ಮಚ್ಚೆ ಇರಬೇಕು ಅಂತ ನಾನು ಸುಮ್ನಾದೆ. ಸುತ್ತಲಿನ ಚರ್ಮಕ್ಕಿಂತ ಒಂದು ಜಾಗ ಕಪ್ಪಾಗಿ ಅಥವಾ ನೇರಳೆಯಾಗಿ ಕಂಡರೆ, ಮುಟ್ಟಿದರೆ ಬಿಸಿಯಾಗಿ, ಗಟ್ಟಿಯಾಗಿ ಅಥವಾ ಮೆತ್ತಗೆ ಹಿಟ್ಟಿನ ಹಾಗಿದ್ದರೆ ಅದು ಮಚ್ಚೆ ಅಲ್ಲ. ಆ ಮಗ್ಗುಲಿಗೆ ಮತ್ತೆ ಮಲಗಿಸಬೇಡಿ. ಅವತ್ತೇ ಡಾಕ್ಟರಿಗೋ ನರ್ಸಿಗೋ ತೋರಿಸಿ.

ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ. ತಿಕ್ಕಿದರೆ ರಕ್ತ ಓಡಾಡುತ್ತೆ ಅಂತ ಹಿರಿಯರು ಹೇಳುತ್ತಾರೆ, ಅಮ್ಮನನ್ನು ನೋಡಿಕೊಳ್ಳಲು ಬಂದಿದ್ದ ನಮ್ಮ ಮೊದಲ ಅಟೆಂಡರ್ ಕೂಡ ಹೇಳಿದ್ದರು. ಒಳಗೆ ಆಗಲೇ ಪೆಟ್ಟಾಗಿರುವ ಚರ್ಮ ತಿಕ್ಕಿದರೆ ಹರಿಯುತ್ತದೆ. ಸ್ಪಿರಿಟ್ ಬೇಡ, ಪೌಡರ್ ಸುರಿಯುವುದೂ ಬೇಡ. ನಡುವೆ ತೂತಿರುವ ರಿಂಗ್ ಕುಶನ್ ಅನ್ನು ಮೆಡಿಕಲ್ ಅಂಗಡಿಯವರು ಈಗಲೂ ಕೊಡುತ್ತಾರೆ. ಅದೂ ಬೇಡ. ತೂತಿನ ಸುತ್ತಲೂ ಒತ್ತಡ ಬಿದ್ದು, ನಡುವಿನ ಜಾಗಕ್ಕೆ ಬರುವ ರಕ್ತವೂ ಕಡಿಮೆಯಾಗುತ್ತದೆ.

ಮಗ್ಗುಲು ಬದಲಿಸುವ ಕ್ರಮ

ಒಂದು ಹಳೇ ಹತ್ತಿ ಸೀರೆ ತೆಗೆದುಕೊಳ್ಳಿ. ಭುಜದಿಂದ ತೊಡೆಯವರೆಗೆ ಬರುವ ಹಾಗೆ ನಾಲ್ಕು ಮಡಿಕೆ ಮಾಡಿ ಬೆನ್ನಡಿ ಹಾಸಿ. ಸರಿಸುವುದು, ತಿರುಗಿಸುವುದು ಎಲ್ಲ ಈ ಸೀರೆ ಹಿಡಿದೇ ಮಾಡಬೇಕು. ಕಂಕುಳಿಗೆ ಕೈ ಹಾಕಿ ಎಳೆದರೆ ಬೆನ್ನ ಚರ್ಮ ಹಾಸಿಗೆಗೆ ಉಜ್ಜುತ್ತದೆ. ಪಾರ್ಶ್ವವಾಯು ಆದ ಕೈ ಹಿಡಿದು ಎಳೆದರಂತೂ ಭುಜದ ಕೀಲು ಜಾರಬಹುದು.

ತಿರುಗಿಸುವ ಮೊದಲು ಹೇಳಿ: "ಅಮ್ಮ, ಎಡಕ್ಕೆ ತಿರುಗಿಸ್ತೀನಿ." ಹೇಳದೆ ತಿರುಗಿಸಿದರೆ ಬೀಳುತ್ತೇನೆಂಬ ಭಯಕ್ಕೆ ಮೈ ಬಿಗಿ ಹಿಡಿಯುತ್ತಾರೆ, ಆಗ ಒಬ್ಬರ ಕೈಯಲ್ಲಿ ಆಗುವುದಿಲ್ಲ. ಮಂಚದ ತಲೆ ಭಾಗ ಎತ್ತಿದ್ದರೆ ಪೂರ್ತಿ ಇಳಿಸಿ. ಯಾವ ಕಡೆಗೆ ತಿರುಗಿಸುತ್ತೀರೋ ಆ ಕಡೆ ನಿಂತುಕೊಳ್ಳಿ. ಆಚೆ ಬದಿಯ ಕೈಯನ್ನು ಎದೆಯ ಮೇಲೆ ಇಡಿ, ಆಚೆ ಬದಿಯ ಮೊಣಕಾಲು ಮಡಚಿ. ಸೀರೆಯನ್ನು ಭುಜದ ಹತ್ತಿರ ಒಂದು ಕೈ, ಸೊಂಟದ ಹತ್ತಿರ ಒಂದು ಕೈಯಲ್ಲಿ ಹಿಡಿದು ನಿಧಾನಕ್ಕೆ ನಿಮ್ಮ ಕಡೆಗೆ ಎಳೆಯಿರಿ.

ಪೂರ್ತಿ ಪಕ್ಕಕ್ಕೆ ಬೇಡ. ಹಾಗೆ ಮಲಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಗೆ ಬೀಳುತ್ತದೆ. ಬೆನ್ನಿಗೆ ಉದ್ದಕ್ಕೆ ಒಂದು ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು. ಆಮೇಲೆ ಅಂಗೈ ಮೇಲ್ಮುಖ ಮಾಡಿ ಬೆನ್ನ ಕೆಳಗಿನ ಮೂಳೆಯ ಹತ್ತಿರ ತೂರಿಸಿ ನೋಡಿ. ಮೂಳೆ ಕೈಗೆ ಒತ್ತದಿದ್ದರೆ ಸರಿಯಾಗಿದೆ. ಎರಡು ಮೊಣಕಾಲಿನ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಇನ್ನೊಂದು. ಹಿಮ್ಮಡಿ ಗಾಳಿಯಲ್ಲಿ ತೇಲಬೇಕು. ಕೊನೆಗೆ ಕಿವಿ ಮಡಚಿದೆಯಾ, ಡೈಪರ್ ಸುಕ್ಕಾಗಿದೆಯಾ, ಕ್ಯಾಥೆಟರ್ ಇದ್ದರೆ ಅದರ ಕೊಳವೆ ಮೈಯಡಿ ಸಿಕ್ಕಿದೆಯಾ ನೋಡಿ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ತೂಗುತ್ತಿರಬೇಕು.

ಎಡ, ಬೆನ್ನು, ಬಲ, ಮತ್ತೆ ಎಡ. ಶಕ್ತಿ ಇಲ್ಲದ ಮಗ್ಗುಲಿನಲ್ಲಿ ಸ್ವಲ್ಪ ಕಡಿಮೆ ಹೊತ್ತು ಇರಿಸಿ, ಅಲ್ಲಿ ನೋವಾದರೂ ಅವರಿಗೆ ಗೊತ್ತಾಗದಿರಬಹುದು. ಗೋಡೆಗೆ ಒಂದು ಹಾಳೆ ಅಂಟಿಸಿ ಸಮಯ, ಮಗ್ಗುಲು, ಚರ್ಮ ಹೇಗಿತ್ತು, ಯಾರು ಮಾಡಿದರು ಎಂದು ಬರೆಯಿರಿ. ನೆನಪಿನ ಮೇಲೆ ನಡೆಸಿದರೆ ಮಧ್ಯಾಹ್ನದ ಎರಡು ಸರದಿ ತಪ್ಪಿರುವುದು ಸಂಜೆಯವರೆಗೆ ತಿಳಿಯುವುದಿಲ್ಲ.

ಗಾಳಿ ಹಾಸಿಗೆ, ಅಂದರೆ ಏರ್ ಬೆಡ್, ತರಲೇಬೇಕು. ಒಂದು ಸಾಲು ಉಬ್ಬಿದಾಗ ಇನ್ನೊಂದು ಸಾಲು ಇಳಿಯುವ ಪಂಪ್ ಇರುವಂಥದ್ದು. ನಾವು ತಂದಿದ್ದಕ್ಕೆ 3,500 ರೂಪಾಯಿ ಆಯಿತು. ಅದರ ಮೇಲೆ ಒಂದೇ ಒಂದು ತೆಳು ಹತ್ತಿ ಹೊದಿಕೆ, ಆಮೇಲೆ ಸೀರೆ. ರೆಕ್ಸಿನ್, ಕಂಬಳಿ, ಎರಡು ಮೂರು ಬೆಡ್‌ಶೀಟ್ ಪೇರಿಸಿದರೆ ಗಾಳಿ ಹಾಸಿಗೆ ಇದ್ದೂ ಇಲ್ಲದ ಹಾಗೆ. ವಾರಕ್ಕೊಮ್ಮೆ ಹಾಸಿಗೆಯ ಅಡಿಯಿಂದ, ಸೊಂಟದ ನೇರಕ್ಕೆ ಕೈ ಹಾಕಿ ನೋಡಿ. ಮೈ ಕೈಗೆ ತಗುಲಿದ ಹಾಗೆ ಅನಿಸಿದರೆ ಗಾಳಿ ಸಾಲದು. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಹಾಗಾಗಿ ಅದರ ಪ್ಲಗ್ ಯುಪಿಎಸ್ ಲೈನಿನಲ್ಲಿರಲಿ.

ಗಾಳಿ ಹಾಸಿಗೆ ಬಂತೆಂದು ಮಗ್ಗುಲು ಬದಲಿಸುವುದನ್ನು ಬಿಡುವ ಹಾಗಿಲ್ಲ. ಆದರೆ ರಾತ್ರಿ ಹೊತ್ತು ಅಂತರ ಹೆಚ್ಚಿಸಬಹುದು. ಕೆಲವು ದಿನ ಎರಡು ಗಂಟೆಗೊಮ್ಮೆ ಮಾಡಿ, ಚರ್ಮ ಚೆನ್ನಾಗಿದ್ದರೆ ರಾತ್ರಿ ಮೂರು ಗಂಟೆ, ಆಮೇಲೆ ನಾಲ್ಕು. ನಮ್ಮ ಡಾಕ್ಟರು ಒಪ್ಪಿದ ಮೇಲೆ ರಾತ್ರಿ 10, 2, 6 ಎಂದು ಗೊತ್ತು ಮಾಡಿಕೊಂಡೆವು. ಬೆಳಗ್ಗೆ ಕಲೆ ಕಂಡರೆ ಮತ್ತೆ ಎರಡು ಗಂಟೆಗೆ ಇಳಿಯಬೇಕು.

ಇಷ್ಟೆಲ್ಲ ಮಾಡಿದರೂ ನಮ್ಮ ಅಮ್ಮನಿಗೆ ಹುಣ್ಣಾಗಿದ್ದು ಹೇಗೆ

ಹಾಳೆ ತೆಗೆದು ನೋಡಿದರೆ ಒಂದು ಸರದಿಯೂ ತಪ್ಪಿರಲಿಲ್ಲ. ಆದರೂ ನಾಣ್ಯದಷ್ಟಿದ್ದ ಕಲೆ ನಾಲ್ಕನೇ ದಿನ ಬಾಯಿ ಬಿಟ್ಟಿತು. ಡ್ರೆಸ್ಸಿಂಗ್‌ಗೆ ಬಂದ ಸಿಸ್ಟರ್ ಗಾಯ ನೋಡುವ ಮೊದಲು ಮಂಚ ನೋಡಿದರು. "ಸಂಜೆ ಹೊತ್ತು ಇವರನ್ನು ಎಷ್ಟು ಸಲ ಮೇಲಕ್ಕೆ ಎಳೀತೀರಿ?" ಅಂತ ಕೇಳಿದರು. ಎರಡು ಮೂರು ಸಲ ಅಂದೆ. ಅಮ್ಮನಿಗೆ ಧಾರಾವಾಹಿ ಇಷ್ಟ. ಆರರಿಂದ ಒಂಬತ್ತರವರೆಗೆ ಮಂಚದ ತಲೆ ಎತ್ತಿ ಟಿವಿ ಹಾಕುತ್ತಿದ್ದೆವು. ಅವಳು ನಿಧಾನಕ್ಕೆ ಕೆಳಗೆ ಜಾರಿ, ಪಾದ ಮಂಚದ ಕಾಲ ಹಲಗೆಗೆ ಮುಟ್ಟಿದಾಗ ಮೇಲೆ ಎಳೆದುಕೊಳ್ಳುತ್ತಿದ್ದೆವು.

ಅಲ್ಲೇ ಇತ್ತು ಕಾರಣ. ತಲೆ ಭಾಗ 30 ಡಿಗ್ರಿಗಿಂತ ಮೇಲಿದ್ದಾಗ ಮೂಳೆ ಕೆಳಕ್ಕೆ ಜಾರುತ್ತದೆ, ಚರ್ಮ ಹಾಸಿಗೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಒಳಗಿನ ಸಣ್ಣ ರಕ್ತನಾಳಗಳು ತಿರುಚಿ ಮುಚ್ಚಿಕೊಳ್ಳುತ್ತವೆ. ಪಾದ ಹಲಗೆಗೆ ತಾಗುತ್ತಿದೆ ಅಂದರೆ ಜಾರುತ್ತಿದ್ದಾರೆ ಎಂದು ತಿಳಿಯಿರಿ.

ಅವತ್ತಿನಿಂದ ಎರಡು ಬದಲಾವಣೆ ಮಾಡಿದೆವು. ಟಿವಿಯನ್ನು ಮಂಚದ ಪಕ್ಕದ ಗೋಡೆಗೆ ತಂದೆವು, ಮಗ್ಗುಲಾಗಿ ಮಲಗಿಯೇ ನೋಡಬಹುದು. ಊಟಕ್ಕೆ ಮಾತ್ರ ತಲೆ ಭಾಗ ಚೆನ್ನಾಗಿ ಎತ್ತಬೇಕು, ಇಲ್ಲದಿದ್ದರೆ ಅನ್ನ ನೀರು ಶ್ವಾಸಕೋಶಕ್ಕೆ ಹೋಗಬಹುದು. ಆದರೆ ಎತ್ತುವ ಮೊದಲು ಮಂಚದ ಮೊಣಕಾಲಿನ ಭಾಗ ಎತ್ತಿ, ಅಥವಾ ಮೊಣಕಾಲಿನ ಅಡಿ ದಿಂಬು ಕೊಡಿ. ಆಗ ಜಾರುವುದಿಲ್ಲ. ಊಟವಾಗಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಇಳಿಸಿ.

ಗಾಯ ಮಾಯಲು ಏಳು ವಾರ ಹಿಡಿಯಿತು. ಸಿಸ್ಟರ್ ಸಲೈನ್ ನೀರಿನಲ್ಲಿ ತೊಳೆದು ಫೋಮ್ ಡ್ರೆಸ್ಸಿಂಗ್ ಅಂಟಿಸುತ್ತಿದ್ದರು. ಮಲ ಮೂತ್ರ ತಾಗದಂತೆ ಸುತ್ತಲಿನ ಚರ್ಮಕ್ಕೆ ಜಿಂಕ್ ಆಕ್ಸೈಡ್ ಕ್ರೀಮ್. ಡೈಪರ್ ಒದ್ದೆ ಇರಲಿ ಬಿಡಲಿ, ಮೂರು ನಾಲ್ಕು ಗಂಟೆಗೊಮ್ಮೆ ಬಿಚ್ಚಿ ನೋಡುವುದು. ಮಲ ಆದರೆ ತಕ್ಷಣ ತೊಳೆದು, ಉಜ್ಜದೆ ಒತ್ತಿ ಒರೆಸುವುದು.

ಊಟದಲ್ಲೂ ನಾವು ಎಡವಿದ್ದೆವು. ಮಲಗಿದವರಿಗೆ ಹಗುರ ಇರಲಿ ಅಂತ ಮೂರು ಹೊತ್ತೂ ಗಂಜಿ ಕೊಡುತ್ತಿದ್ದೆವು. ಬರೀ ಗಂಜಿಯಿಂದ ಗಾಯ ಮಾಯುವುದಿಲ್ಲ. ಹುಣ್ಣು ಇರುವವರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.2 ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅಮ್ಮ 50 ಕಿಲೋ, ಅಂದರೆ ಕಡಿಮೆ ಎಂದರೂ 60 ಗ್ರಾಂ. ಎರಡು ಮೊಟ್ಟೆಯಿಂದ 12 ಗ್ರಾಂ, ಅರ್ಧ ಲೀಟರ್ ಹಾಲು ಮೊಸರಿನಿಂದ ಸುಮಾರು 16 ಗ್ರಾಂ. ಉಳಿದದ್ದು ಗಟ್ಟಿ ತೊವ್ವೆ, ಹೆಸರುಬೇಳೆ ಪಾಯಸ, ಅನ್ನ, ರಾಗಿಗೆ ಹಾಕಿದ ಶೇಂಗಾ ಪುಡಿಯಿಂದ ತುಂಬಬೇಕು. ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ಬೇರೆ, ಡಾಕ್ಟರನ್ನು ಕೇಳಿಯೇ ಕೊಡಿ.

ಗಾಯ ಕಪ್ಪಾದರೆ, ವಾಸನೆ ಅಥವಾ ಕೀವು ಬಂದರೆ, ಸುತ್ತಲಿನ ಕೆಂಪು ಹರಡುತ್ತಿದ್ದರೆ ಮನೆಯಲ್ಲಿ ಕಾಯಬೇಡಿ. ವಯಸ್ಸಾದವರಿಗೆ ಸೋಂಕಾದಾಗ ಜ್ವರ ಬಾರದೆಯೂ ಇರಬಹುದು. ನಿನ್ನೆ ಮಾತಾಡುತ್ತಿದ್ದವರು ಇವತ್ತು ಮಂಕಾಗಿ, ಊಟ ಬೇಡ ಅಂದರೆ ಅದನ್ನೂ ಜ್ವರದಷ್ಟೇ ಗಂಭೀರವಾಗಿ ನೋಡಿ.

ನರ್ಸ್ ಬೇಕಾ, ಅಟೆಂಡರ್ ಸಾಕಾ

ಎರಡೂ ಬೇರೆ ಬೇರೆ ಕೆಲಸ. ಮೂಗಿನ ನಳಿಗೆ ಹಾಕುವುದು, ಕ್ಯಾಥೆಟರ್ ಬದಲಿಸುವುದು, ಇಂಜೆಕ್ಷನ್, ಆಳವಾದ ಗಾಯದ ಡ್ರೆಸ್ಸಿಂಗ್, ಗಂಟಲಿನ ಕೊಳವೆಯಿಂದ ಕಫ ತೆಗೆಯುವುದು ನರ್ಸ್ ಕೆಲಸ. ಅವರು ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿರಬೇಕು, ನರ್ಸಿಂಗ್ ಕೌನ್ಸಿಲ್ ನೋಂದಣಿ ಇರಬೇಕು. ಅದನ್ನು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ. ಮಗ್ಗುಲು, ಸ್ನಾನ, ಡೈಪರ್, ಊಟಕ್ಕೆ ಕೈ ಪಳಗಿದ ಅಟೆಂಡರ್ ಸಾಕು. ಬಹಳ ಮನೆಗಳಲ್ಲಿ ಬೇಕಾಗುವುದು ಮನೆಯಲ್ಲೇ ಇರುವ ಒಬ್ಬ ಅಟೆಂಡರ್, ವಾರಕ್ಕೆ ಒಂದೋ ಎರಡೋ ಸಲ ಬಂದು ಹೋಗುವ ನರ್ಸ್. ದಿನವಿಡೀ ನರ್ಸ್ ಇಟ್ಟು ಮೂರೇ ತಿಂಗಳಲ್ಲಿ ಕೈ ಬರಿದು ಮಾಡಿಕೊಂಡವರನ್ನು ಕಂಡಿದ್ದೇನೆ.

ಏಜೆನ್ಸಿಯವರು ಎಲ್ಲರಿಗೂ "ಸಿಸ್ಟರ್ ಕಳಿಸ್ತೀವಿ" ಅಂತಲೇ ಹೇಳುತ್ತಾರೆ. ನಮಗೆ ಮೊದಲು ಕಳಿಸಿದವರು ಹಿಂದೆ ಇಂಥ ಕೆಲಸ ಮಾಡಿಯೇ ಇರಲಿಲ್ಲ. ಈಗ ನಾನು ಎಲ್ಲರಿಗೂ ಹೇಳುವುದು ಒಂದೇ: ಬಂದ ದಿನ ಚಹಾ ಕೊಟ್ಟು, "ಒಂದ್ಸಲ ಅಮ್ಮನನ್ನು ಎಡಕ್ಕೆ ತಿರುಗಿಸಿ ತೋರಿಸ್ತೀರಾ?" ಅಂತ ಕೇಳಿ. ಕೈ ತೊಳೆದರಾ, ಅಮ್ಮನಿಗೆ ಹೇಳಿ ಮುಟ್ಟಿದರಾ, ಬಟ್ಟೆ ಹಿಡಿದು ತಿರುಗಿಸಿದರಾ, ಕೈ ಹಿಡಿದು ಎಳೆದರಾ ನೋಡಿ. ಎರಡನೇ ಸಲ ಬಂದ ಅಕ್ಕ ಅಮ್ಮನ ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿ ಎದೆ ಮೇಲಿಟ್ಟು, "ಅಜ್ಜಿ, ನನ್ನ ಕಡೆ ನೋಡಿ" ಅಂದರು. ಬೇರೆ ಪ್ರಶ್ನೆಯನ್ನೇ ಕೇಳಲಿಲ್ಲ ನಾನು.

ಏಜೆನ್ಸಿ ಜೊತೆ ಕಾಗದದ ಮೇಲೆ ಇರಬೇಕಾದ್ದು: ಇವರು ಬಿಟ್ಟು ಹೋದರೆ ಎಷ್ಟು ದಿನದಲ್ಲಿ ಬದಲಿ ಜನ ಕೊಡುತ್ತಾರೆ, ಮುಂಗಡ ಹಣ ವಾಪಸ್ ಬರುತ್ತದಾ, ವಾರದ ರಜೆ ಯಾವತ್ತು, ನಾವು ಕೊಡುವ ದುಡ್ಡಿನಲ್ಲಿ ಕೆಲಸ ಮಾಡುವವರ ಕೈಗೆ ಎಷ್ಟು. ಕೊನೆಯದನ್ನು ಕೇಳಿದರೆ ಮುಜುಗರ ಪಡುತ್ತಾರೆ, ಆದರೂ ಕೇಳಿ. ಕೈಗೆ ಬರುವುದು ತೀರಾ ಕಡಿಮೆಯಾದರೆ ಆಕೆ ಬೇಗ ಬಿಟ್ಟು ಹೋಗುತ್ತಾರೆ. ಆಧಾರ್ ಪ್ರತಿ, ಊರಿನವರ ಫೋನ್ ನಂಬರ್ ತೆಗೆದುಕೊಳ್ಳಿ, ಪೊಲೀಸ್ ಪರಿಶೀಲನೆ ಆಗಿದೆಯಾ ಕೇಳಿ. ಅಮ್ಮನ ಬಳೆ, ಸರ ಮೊದಲೇ ಲಾಕರಿಗೆ ಹೋಗಲಿ. ಆಮೇಲೆ ಯಾರ ಮೇಲೂ ಅನುಮಾನ ಪಡುವ ಸಂದರ್ಭವೇ ಬರುವುದಿಲ್ಲ, ಅಲ್ವಾ.

24 ಗಂಟೆ ಇರುವವರು ಅಂದರೆ 24 ಗಂಟೆ ಎಚ್ಚರ ಇರುವವರಲ್ಲ. ಹಗಲಿಡೀ ದುಡಿದವರನ್ನು ರಾತ್ರಿ ನಾಲ್ಕು ಸಲ ಎಬ್ಬಿಸಿದರೆ ಅವರು ಒಂದು ತಿಂಗಳೂ ನಿಲ್ಲುವುದಿಲ್ಲ. ನಮ್ಮಲ್ಲಿ ರಾತ್ರಿ 10 ಮತ್ತು ಬೆಳಗ್ಗೆ 6ರ ಸರದಿ ಅಟೆಂಡರ್ ಅಕ್ಕನದು, 2 ಗಂಟೆಯದು ನನ್ನದು. ಮಧ್ಯಾಹ್ನ ಅವರಿಗೆ ಎರಡು ಗಂಟೆ ಬಿಡುವು, ಆಗ ಅಮ್ಮನ ಹತ್ತಿರ ನನ್ನ ಗಂಡ. ಅಕ್ಕನಿಗೆ ಬೇರೆ ಹಾಸಿಗೆ, ನಮ್ಮ ಅಡುಗೆಯೇ ಊಟ.

ದುಡ್ಡಿನ ಲೆಕ್ಕ

ಅಣ್ಣ ಬೆಂಗಳೂರಿನಲ್ಲಿ, ತಂಗಿ ಹುಬ್ಬಳ್ಳಿಯಲ್ಲಿ. ಮೊದಲ ಎರಡು ತಿಂಗಳು "ಬೇಕಾದಾಗ ಕೇಳು" ಅಂದಿದ್ದರು. ಕೇಳುವವಳಿಗೆ ಭಿಕ್ಷೆ ಬೇಡಿದ ಹಾಗೆ, ಕೊಡುವವರಿಗೆ ಎಷ್ಟು ಕೊಟ್ಟರೂ ಮುಗಿಯದ ಹಾಗೆ. ಮೂರನೇ ತಿಂಗಳು ಮೂವರೂ ಕೂತು ಬರೆದೆವು.

ತಿಂಗಳ ಖರ್ಚು ಹೀಗಿತ್ತು. ಏಜೆನ್ಸಿ ಮೂಲಕ ಅಟೆಂಡರ್ 27,000. ಡೈಪರ್ ದಿನಕ್ಕೆ ನಾಲ್ಕು, ತಲಾ 35 ರೂಪಾಯಿಯಂತೆ 4,200. ಅಂಡರ್‌ಪ್ಯಾಡ್, ಗ್ಲೌಸ್, ಕ್ರೀಮ್ 1,800. ಮಾತ್ರೆ 3,500. ವಾರಕ್ಕೆ ಎರಡು ಸಲ ಫಿಸಿಯೋಥೆರಪಿ 4,000. ಹಾಲು, ಮೊಟ್ಟೆ, ಹಣ್ಣು 2,000. ಒಟ್ಟು 42,500. ಅಪ್ಪನ ಲೆಕ್ಕದಲ್ಲಿ ಅಮ್ಮನಿಗೆ ಬರುವ ಕುಟುಂಬ ಪಿಂಚಣಿ 14,300. ಅದನ್ನು ಮೊದಲು ಕಳೆದೆವು. ಅದು ಅವಳ ದುಡ್ಡು, ಅವಳಿಗೇ ಖರ್ಚಾಗಬೇಕು. ಉಳಿದದ್ದು 28,200.

ಇದನ್ನು ಮೂರು ಪಾಲು ಮಾಡುವ ಮೊದಲು ತಂಗಿಯೇ ಒಂದು ಮಾತು ಎತ್ತಿದಳು. "ಭಾನುವಾರ ಅಟೆಂಡರ್ ರಜೆ, ಅವತ್ತು ಪೂರ್ತಿ ಅಕ್ಕ ನೋಡ್ತಾಳೆ. ಬದಲಿ ಜನ ಕರೆಸಿದ್ರೆ ದಿನಕ್ಕೆ 1,200 ಕೊಡ್ಬೇಕಿತ್ತು." ನಾಲ್ಕು ಭಾನುವಾರಕ್ಕೆ 4,800. ಅದನ್ನೂ ಖರ್ಚಿಗೆ ಸೇರಿಸಿದಾಗ 33,000 ಆಯಿತು. ಸಮ ಪಾಲಾದರೆ ತಲಾ 11,000. ನನ್ನ ಪಾಲಿನ 4,800 ಕೆಲಸದ ರೂಪದಲ್ಲಿ ಸಂದಾಯವಾಗಿದೆ, ಹಾಗಾಗಿ ನಾನು ಕೊಡಬೇಕಾದ ನಗದು 6,200. ತಂಗಿಯ ಸಂಬಳ ಕಡಿಮೆ ಎಂದು ಅಣ್ಣನೇ ತನ್ನದನ್ನು 14,000ಕ್ಕೆ ಏರಿಸಿ ಅವಳದನ್ನು 8,000ಕ್ಕೆ ಇಳಿಸಿದ. ಅವಳು ಎರಡು ತಿಂಗಳಿಗೊಮ್ಮೆ ಒಂದು ವಾರ ಬಂದು ಉಳಿಯುತ್ತಾಳೆ. ಆ ವಾರ 2 ಗಂಟೆಯ ಸರದಿ ಅವಳದು.

ಮನೆಯಲ್ಲಿ ಇರುವವರ ದುಡಿಮೆಗೆ ಬೆಲೆ ಕಟ್ಟುವುದು ಕೆಲವರಿಗೆ ಸರಿ ಕಾಣುವುದಿಲ್ಲ. ಅಮ್ಮನಿಗೆ ಮಾಡಿದ್ದಕ್ಕೂ ಲೆಕ್ಕವಾ ಎನ್ನುತ್ತಾರೆ. ಬೆಲೆ ಕಟ್ಟದಿದ್ದರೆ ದೂರ ಇರುವವರಿಗೆ ಆ ದುಡಿಮೆ ಕಾಣಿಸುವುದೇ ಇಲ್ಲ. ನಮ್ಮ ಮನೆಯಲ್ಲಿ ಅದನ್ನು ಹಾಳೆಯ ಮೇಲೆ ಬರೆದ ದಿನವೇ ಜಗಳ ಅರ್ಧ ನಿಂತಿತು.

ಮೂವರ ಪಾಲೂ ಪ್ರತಿ ತಿಂಗಳ 1ನೇ ತಾರೀಕು ಬೇರೆಯದೇ ಒಂದು ಉಳಿತಾಯ ಖಾತೆಗೆ ಬೀಳುತ್ತದೆ. ಖರ್ಚೆಲ್ಲ ಅದರಿಂದಲೇ, ಬಿಲ್ಲಿನ ಫೋಟೋ ವಾಟ್ಸಾಪ್ ಗುಂಪಿಗೆ. ದಿಢೀರ್ ಆಸ್ಪತ್ರೆ ಖರ್ಚಿಗೆ ತಲಾ 20,000 ಅದರಲ್ಲೇ ಇದೆ. ಆಸ್ತಿಯ ಮಾತನ್ನು ಈ ಲೆಕ್ಕದೊಳಗೆ ತರಬಾರದೆಂದು ಮೊದಲೇ ಒಪ್ಪಿಕೊಂಡೆವು. ಇನ್ನು ಸಾಮಾನ್ಯ ಆರೋಗ್ಯ ವಿಮೆಯನ್ನು ನಂಬಿ ಅಟೆಂಡರ್ ಸಂಬಳದ ಲೆಕ್ಕ ಹಾಕಬೇಡಿ. ಪಾಲಿಸಿಯಲ್ಲಿ ಏನಿದೆ ಎಂದು ಓದಿ ನೋಡಿ.

ಒಬ್ಬರು ಕೈ ಎತ್ತಿಬಿಟ್ಟರೆ? ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದೇ 2007ರ ಕಾಯ್ದೆ ಇದೆ. ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಹೊಣೆ ಇದೆ. ಅರ್ಜಿಯನ್ನು ಉಪವಿಭಾಗಾಧಿಕಾರಿ ನಡೆಸುವ ನ್ಯಾಯಮಂಡಳಿಗೆ ಕೊಡಬೇಕು, ವಕೀಲರು ಬೇಕಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಆ ಮೆಟ್ಟಿಲು ಹತ್ತುವ ಮೊದಲು ಕುಟುಂಬದ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಗೋಡೆಯ ಮೇಲಿನ ಹಾಳೆ ಮತ್ತು ತಿಂಗಳ ಬಿಲ್ಲುಗಳನ್ನು ಮುಂದಿಟ್ಟು ಒಂದು ಸಲ ಮಾತಾಡಿ.

ಪಿಂಚಣಿ ಬರುವವರಾದರೆ ನವೆಂಬರ್ ತಿಂಗಳನ್ನು ಮರೆಯಬೇಡಿ. ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಮಂಚದಿಂದ ಎಬ್ಬಿಸಿ ಬ್ಯಾಂಕಿಗೆ ಹೊತ್ತೊಯ್ಯುವ ಅಗತ್ಯ ಇಲ್ಲ. ಕೇಂದ್ರದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಫೋನಿನ ಕ್ಯಾಮರಾದಲ್ಲಿ ಮುಖ ತೋರಿಸಿಯೇ ಆಗುತ್ತದೆ. ನಿಮ್ಮ ಪಿಂಚಣಿಗೆ ಅದು ನಡೆಯುತ್ತದಾ ಎಂದು ಅಕ್ಟೋಬರ್‌ನಲ್ಲೇ ಬ್ಯಾಂಕಿನಲ್ಲಿ ಕೇಳಿಟ್ಟುಕೊಳ್ಳಿ. ಬೆಳಗ್ಗೆ ಸ್ನಾನ ಆದ ಮೇಲೆ, ಕಿಟಕಿ ಕಡೆಗೆ ಮುಖ ಬರುವಂತೆ ಮಗ್ಗುಲು ಬದಲಿಸಿದಾಗ ಮಾಡಿ. ಬೆಳಕು ಸರಿಯಾಗಿ ಬೀಳುತ್ತದೆ, ಅವರನ್ನು ಬೇರೆಯಾಗಿ ಅಲುಗಾಡಿಸುವ ಕೆಲಸವೂ ಇರುವುದಿಲ್ಲ.